ಕೆಲಸಕ್ಕಿಂತ ಅನುಭವ ಜಾಸ್ತಿ ಇರುವವರನ್ನು ತೆಗೆದುಕೊಳ್ಳಬೇಕಾ? ಲೆಕ್ಕ ಹಾಕಿ ನಿರ್ಧರಿಸುವ ದಾರಿ

ನಿಮ್ಮ ತಂಡದಲ್ಲಿ ಒಂದು ಸೀಟು ಖಾಲಿ ಇದೆ. ನಾಲ್ಕೈದು ವರ್ಷದ ಅನುಭವ ಇದ್ದವರು ಸಾಕು. ಬಂದ ಅರ್ಜಿಗಳ ನಡುವೆ ಒಬ್ಬರದು ಎದ್ದು ಕಾಣುತ್ತದೆ, ಹದಿನಾರು ವರ್ಷದ ಅನುಭವ, ನಿಮ್ಮ ಮೇಲಧಿಕಾರಿಗೆ ಸಮನಾದ ಹುದ್ದೆ. ನೋಡಿದ ಎಲ್ಲರೂ ಹೇಳುವ ಮಾತು ಒಂದೇ: "ಇವರು ಇಲ್ಲಿ ನಿಲ್ಲೋದಿಲ್ಲ ಬಿಡಿ."

ಇರಬಹುದು. ಆದರೆ ನಿಲ್ಲುತ್ತಾರಾ ಇಲ್ವಾ ಅನ್ನುವ ಪ್ರಶ್ನೆಯನ್ನೇ ಮೊದಲು ಹಿಡಿದುಕೊಂಡರೆ ನಿರ್ಧಾರ ಊಹೆಯ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಅವರ ಹೆಚ್ಚಿನ ಕೈಚಳಕಕ್ಕೆ ನಮ್ಮಲ್ಲಿ ಕೆಲಸ ಇದೆಯಾ, ಇದ್ದರೆ ಎಷ್ಟು ತಿಂಗಳಿಗೆ? ಇದಕ್ಕೆ ಉತ್ತರ ಸಿಕ್ಕರೆ ನಿಲ್ಲುವ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕ ಹಾಗೆ.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಐದು ಜನರ ಅಕೌಂಟ್ಸ್ ವಿಭಾಗ. ಸೀನಿಯರ್ ಅಕೌಂಟೆಂಟ್ ಹುದ್ದೆ ಖಾಲಿ. ಪ್ರತಿ ತಿಂಗಳ ಲೆಕ್ಕ ಮುಗಿಸಲು ಮುಂದಿನ ತಿಂಗಳ ಹನ್ನೆರಡನೇ ತಾರೀಖು ದಾಟುತ್ತಿದೆ. ಜೊತೆಗೆ ನಾಲ್ಕು ತಿಂಗಳು ಕಳೆದ ಮೇಲೆ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಬೇಕು. ಕೊನೆಗೆ ಉಳಿದವರು ಇಬ್ಬರು. ಮೊದಲನೆಯವರಿಗೆ ನಾಲ್ಕು ವರ್ಷದ ಅನುಭವ, ಹುದ್ದೆಗೆ ಸರಿಹೊಂದುತ್ತಾರೆ. ಎರಡನೆಯವರು ಬೇರೆ ಕಂಪನಿಯಲ್ಲಿ ಫೈನಾನ್ಸ್ ಕಂಟ್ರೋಲರ್ ಆಗಿದ್ದವರು.

ಮೊದಲು, ಏನು ಜಾಸ್ತಿ ಇದೆ ಅಂತ ನೋಡಿ

ರೆಸ್ಯೂಮೆಯಲ್ಲಿ ಜಾಸ್ತಿ ಕಾಣುವುದು ಮೂರು ಬಗೆ: ವರ್ಷ, ಹುದ್ದೆ, ಕೆಲಸದ ಕೌಶಲ. ನಿಮಗೆ ಲಾಭ ತರುವುದು ಮೂರನೆಯದು ಮಾತ್ರ. ಏಳೆಂಟು ವರ್ಷ ಬೇರೆಯವರು ಮಾಡಿದ್ದಕ್ಕೆ ಸಹಿ ಹಾಕುತ್ತಾ ಬಂದ ಕಂಟ್ರೋಲರ್‌ಗೆ ತಾವೇ ಕೂತು ಎಂಟ್ರಿ ಹಾಕುವ ಅಭ್ಯಾಸ ತಪ್ಪಿರಬಹುದು. ಹುದ್ದೆಯಲ್ಲಿ ಅವರು ದೊಡ್ಡವರು, ಆದರೆ ಈ ಕುರ್ಚಿಗೆ ಸ್ವಲ್ಪ ಕಡಿಮೆಯೇ. ಅಂಥವರನ್ನು "ಬಂದ ದಿನದಿಂದಲೇ ಓಡುತ್ತಾರೆ" ಅಂತ ನಂಬಿ ತೆಗೆದುಕೊಂಡರೆ ವೇಗವೂ ಸಿಗುವುದಿಲ್ಲ, ಸಂಬಳವೂ ಜಾಸ್ತಿ.

ತಿಳಿಯುವ ದಾರಿ ಸುಲಭ. ಇಬ್ಬರಿಗೂ ಒಂದೇ ಸಣ್ಣ ಕೆಲಸ ಕೊಡಿ, ಒಂದೂವರೆ ಗಂಟೆ ಸಾಕು. ಅಕೌಂಟ್ಸ್ ಆದರೆ ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಪುಸ್ತಕದ ಲೆಕ್ಕ ಕೊಟ್ಟು ತಾಳೆ ಹಾಕಲು ಹೇಳಿ. ಒಳಗೆ ಬೇಕಂತಲೇ ಮೂರು ತೊಡಕು ಇಡಿ: ಎರಡು ಸಲ ಬರೆದ ಒಂದು ಪಾವತಿ, ಕೊಟ್ಟರೂ ಇನ್ನೂ ಬ್ಯಾಂಕಿಗೆ ಹೋಗದ ಒಂದು ಚೆಕ್, ಮತ್ತು 4,820 ಅಂತ ಇರಬೇಕಾದ ಕಡೆ 4,280.

ಉತ್ತರ ಬಂತಾ ಅನ್ನುವುದಕ್ಕಿಂತ ಹೇಗೆ ಹುಡುಕುತ್ತಾರೆ ಅನ್ನುವುದನ್ನು ಗಮನಿಸಿ. ಮೊದಲನೆಯವರು ಸಾಲು ಸಾಲಾಗಿ ಟಿಕ್ ಹಾಕುತ್ತಾ ಹೋಗಿ ಮೂರನ್ನೂ ಹಿಡಿಯುತ್ತಾರೆ, ಪೂರ್ತಿ ಸಮಯ ಬೇಕಾಗುತ್ತದೆ. ಎರಡನೆಯವರು ಚೆಕ್ಕನ್ನೂ ಜೋಡಿ ಪಾವತಿಯನ್ನೂ ಬೇಗ ಪಕ್ಕಕ್ಕಿಡುತ್ತಾರೆ. 540ರ ವ್ಯತ್ಯಾಸ ಉಳಿಯುತ್ತದೆ. "ಒಂಬತ್ತರಿಂದ ಭಾಗ ಆಗುತ್ತೆ, ಎಲ್ಲೋ ಅಂಕಿ ಅದಲುಬದಲು ಆಗಿರಬೇಕು" ಅಂತ ಹೇಳಿ, ಪಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿದ ಸಾಲನ್ನು ಮಾತ್ರ ಹುಡುಕುತ್ತಾರೆ. ಅಷ್ಟಕ್ಕೇ ನಿಲ್ಲದೆ, "ಈ ಪಾವತಿ ಎರಡು ಸಲ ಒಳಗೆ ಬಂದಿದ್ದು ಹೇಗೆ? ಬಿಲ್ ನಂಬರ್ ಪರೀಕ್ಷೆ ಆಗೋದಿಲ್ವಾ?" ಅಂತ ಕೇಳುತ್ತಾರೆ. ಈ ಕೊನೆಯ ಪ್ರಶ್ನೆಯೇ ಜಾಸ್ತಿ ಇರುವ ಕೌಶಲ. ತಪ್ಪು ಹಿಡಿಯುವುದರ ಜೊತೆ ತಪ್ಪು ಬರುವ ಬಾಗಿಲನ್ನೂ ನೋಡುತ್ತಾರೆ.

ಈ ಪರೀಕ್ಷೆಯಲ್ಲಿ ಎರಡನೆಯವರು ತಡವರಿಸಿದರೆ ಮುಂದಿನ ಹೆಜ್ಜೆಗಳೇ ಬೇಡ. ಮೊದಲನೆಯವರನ್ನು ಕರೆಯಿರಿ.

ಮುಂದಿನ ಹನ್ನೆರಡು ತಿಂಗಳ ಕೆಲಸ ಬರೆದು ನೋಡಿ

ಒಂದು ಹಾಳೆಯಲ್ಲಿ ಆ ಸೀಟಿನ ಹನ್ನೆರಡು ತಿಂಗಳ ಕೆಲಸ ಬರೆಯಿರಿ. ಜಾಹೀರಾತಿನಲ್ಲಿ ಹಾಕಿದ ಪಟ್ಟಿಯನ್ನಲ್ಲ, ನಿಜವಾಗಿ ಬರುವ ಕೆಲಸವನ್ನು. ಆಮೇಲೆ ನಾಲ್ಕು ವರ್ಷದವರಿಂದ ಆಗದ, ಅಥವಾ ತುಂಬಾ ನಿಧಾನ ಆಗುವ ಸಾಲುಗಳಿಗೆ ಗುರುತು ಹಾಕಿ.

ನಮ್ಮ ಉದಾಹರಣೆಯಲ್ಲಿ ಗುರುತು ಬೀಳುವುದು ಇವಕ್ಕೆ: ಹೊಸ ಸಾಫ್ಟ್‌ವೇರ್‌ಗೆ ಖಾತೆಗಳ ಪಟ್ಟಿ ಜೋಡಿಸುವುದು, ಹಳೆಯ ಬಾಕಿಗಳನ್ನು ಶುಚಿ ಮಾಡಿ ಸಾಗಿಸುವುದು, ತಿಂಗಳ ಲೆಕ್ಕ ಮುಗಿಸುವ ಕ್ರಮವನ್ನು ಬರೆದಿಡುವುದು, ಇಬ್ಬರು ಜೂನಿಯರ್‌ಗಳಿಗೆ ಅದನ್ನು ಕಲಿಸುವುದು. ಎಲ್ಲ ಸೇರಿಸಿದರೆ ಎಂಟನೇ ತಿಂಗಳ ಹೊತ್ತಿಗೆ ಮುಗಿಯುತ್ತದೆ. ಒಂಬತ್ತರಿಂದ ಮಾಮೂಲಿ ಕೆಲಸ: ಎಂಟ್ರಿ, ತಾಳೆ, ವರದಿ, ಮತ್ತೆ ಅದೇ.

ಹಾಗಾದರೆ ಎರಡನೆಯವರಿಗೆ ಇಲ್ಲಿ ಎಂಟು ತಿಂಗಳ ಊಟ ಇದೆ, ಆಮೇಲೆ ಎಲೆ ಖಾಲಿ. ಇದನ್ನು ಮುಚ್ಚಿಡಲು ಅನೇಕರು "ಆಮೇಲೆ ಏನಾದ್ರೂ ಹೊಸದು ಬಂದೇ ಬರುತ್ತೆ" ಅನ್ನುತ್ತಾರೆ. ಹೆಸರು ಹೇಳಲು ಬರುವ ಕೆಲಸ, ತಾರೀಖು ಇರುವ ಕೆಲಸ ಮಾತ್ರ ಪಟ್ಟಿಗೆ ಸೇರಲಿ. ಉಳಿದದ್ದು ಆಸೆ.

ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಆ ಹುದ್ದೆಯನ್ನು ಚೆನ್ನಾಗಿ ಕಲಿತವರು ಒಂದು ತಿಂಗಳಲ್ಲಿ ಮಾಡುವ ಕೆಲಸಕ್ಕೆ 1 ಅಂತ ಬೆಲೆ ಇಡಿ. ಆ ಹುದ್ದೆಯ ಒಂದು ತಿಂಗಳ ಸಂಬಳಕ್ಕೂ 1 ಅಂತಲೇ ಇಡಿ. ಎರಡು ವರ್ಷದ ಅವಧಿ ನೋಡೋಣ. ಕೆಳಗಿನ ಅಂಕಿಗಳು ಈ ಉದಾಹರಣೆಯ ಅಂದಾಜು, ನಿಮ್ಮ ತಂಡದ್ದನ್ನು ನೀವೇ ಹಾಕಿಕೊಳ್ಳಬೇಕು.

ಮೊದಲನೆಯವರು ಕಲಿಯಲು ನಾಲ್ಕು ತಿಂಗಳು ಬೇಕು. ಆ ನಾಲ್ಕು ತಿಂಗಳಲ್ಲಿ ಒಟ್ಟು 2 ತಿಂಗಳಷ್ಟು ಕೆಲಸ ಆಗುತ್ತದೆ, ಐದನೇ ತಿಂಗಳಿಂದ ಪೂರ್ತಿ. ಎರಡು ವರ್ಷದಲ್ಲಿ ಒಟ್ಟು 22 ಕೆಲಸ, 24 ಸಂಬಳ. ಅಂದರೆ 2 ಕಮ್ಮಿ. ಇದು ನಮ್ಮ ಅಳತೆಗೋಲು.

ಎರಡನೆಯವರು ಮೊದಲ ತಿಂಗಳಲ್ಲೇ 0.6 ಮಾಡುತ್ತಾರೆ. ಎರಡನೇ ತಿಂಗಳಿಂದ, ಅವರ ಮಟ್ಟದ ಕೆಲಸ ಇದ್ದರೆ, 1.3. ಆದರೆ ಸಂಬಳ ಶೇಕಡಾ 15 ಜಾಸ್ತಿ. ಅವರು ಬಿಟ್ಟು ಹೋದರೆ ಎರಡು ತಿಂಗಳು ಸೀಟು ಖಾಲಿ, ಆಮೇಲೆ ಬರುವವರು ಮತ್ತೆ ನಾಲ್ಕು ತಿಂಗಳು ಕಲಿಯಬೇಕು, ಹುಡುಕಾಟದ ಖರ್ಚು ಒಂದು ಸಂಬಳದಷ್ಟು. ಸೀಟು ಖಾಲಿ ಇರುವಾಗ ಸಂಬಳ ಉಳಿಯುತ್ತದೆ, ಅದನ್ನೂ ಹಿಡಿಯಬೇಕು.

ಮೊದಲು, ಅವರ ಮಟ್ಟದ ಕೆಲಸ ಯಾವಾಗಲೂ ಇದೆ ಅಂತಿಟ್ಟುಕೊಳ್ಳಿ. ಅವರು ಒಂದು ವರ್ಷಕ್ಕೆ ಬಿಟ್ಟು ಹೋದರೆ ಎರಡು ವರ್ಷದ ಕೆಲಸ 22.9, ಖರ್ಚು 24.8. ಅಂದರೆ 1.9 ಕಮ್ಮಿ. ಅಳತೆಗೋಲಿನ 2ರ ಜೊತೆ ಹೋಲಿಸಿದರೆ ಬಹುತೇಕ ಸಮ. ಇಲ್ಲಿಂದ ಮುಂದೆ ಲಾಭ, ನಷ್ಟ ಅಂದರೆ ಈ ಅಳತೆಗೋಲಿಗೆ ಹೋಲಿಸಿದಾಗ ಬರುವ ವ್ಯತ್ಯಾಸ. ಆರೇ ತಿಂಗಳಿಗೆ ಹೋದರೂ ನಷ್ಟ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ, 0.8. ಒಂದೂವರೆ ವರ್ಷ ಇದ್ದರೆ 1 ಲಾಭ. ಅಂದರೆ ಎಲ್ಲರೂ ಹೆದರುವ "ಬೇಗ ಹೋಗಿಬಿಡ್ತಾರೆ" ಅನ್ನುವುದರ ಬೆಲೆ ಇಷ್ಟೇ.

ಈಗ ಇನ್ನೊಂದು ದಿಕ್ಕು ನೋಡಿ. ಅವರ ಮಟ್ಟದ ಕೆಲಸ ಇಲ್ಲವೇ ಇಲ್ಲ, ಮಾಮೂಲಿ ಕೆಲಸವನ್ನೇ ಮಾಡಿಸುತ್ತೀರಿ, ಹಾಗಾಗಿ 1.3 ಬದಲು 1 ಮಾತ್ರ. ಆಗ ಒಂದು ವರ್ಷಕ್ಕೆ ಹೋದರೆ ನಷ್ಟ 3.2. ಪೂರ್ತಿ ಎರಡು ವರ್ಷ ನಿಂತರೂ ನಷ್ಟ 2! ಯಾಕಂದರೆ ಬಳಸದ ಕೌಶಲಕ್ಕೆ ಪ್ರತಿ ತಿಂಗಳೂ ಶೇಕಡಾ 15 ಕೊಡುತ್ತಿದ್ದೀರಿ. ನಿಲ್ಲುವುದರಿಂದ ಉಳಿಯುವ ದುಡ್ಡಿಗಿಂತ ಬಳಸದೆ ಇಟ್ಟುಕೊಳ್ಳುವುದರಿಂದ ಹೋಗುವ ದುಡ್ಡೇ ಜಾಸ್ತಿ.

ನಮ್ಮ ಉದಾಹರಣೆ ಇವೆರಡರ ನಡುವೆ ಇದೆ. ಎಂಟು ತಿಂಗಳವರೆಗೆ ಅವರ ಮಟ್ಟದ ಕೆಲಸ ಇದೆ. ಹನ್ನೆರಡನೇ ತಿಂಗಳಿಗೆ ಹೋದರೆ ನಷ್ಟ 1.1, ಎಂಟನೇ ತಿಂಗಳ ಕೊನೆಗೆ ಹೋದರೆ 0.5 ಮಾತ್ರ. ತಮಾಷೆ ಅನಿಸಬಹುದು, ಆದರೆ ಈ ಸೀಟಿಗೆ ಅವರು ಬೇಗ ಹೋಗುವುದೇ ಒಳ್ಳೆಯದು. ಅದೂ ಮೊದಲೇ ಗೊತ್ತಿರುವ ತಾರೀಖಿಗೆ ಹೋದರೆ ಇನ್ನೂ ಒಳ್ಳೆಯದು. ಸೀಟು ಖಾಲಿ ಬೀಳದೆ, ಬರೆದಿಟ್ಟ ಕ್ರಮ ಇರುವುದರಿಂದ ಮುಂದಿನವರ ಕಲಿಕೆಯ ನಷ್ಟ ಅರ್ಧಕ್ಕೆ ಇಳಿದರೆ, 0.5 ನಷ್ಟ ಹೋಗಿ 0.5 ಲಾಭ ಆಗುತ್ತದೆ.

ಇದರ ಮೇಲೆ ವೇಗದ ಬೆಲೆ ಸೇರಿಸಿ. ಸಾಫ್ಟ್‌ವೇರ್ ಬದಲಿಸುವ ಹೊತ್ತಿಗೆ, ಅಂದರೆ ನಾಲ್ಕನೇ ತಿಂಗಳ ಕೊನೆಗೆ, ಮೊದಲನೆಯವರಿಂದ ಆಗುವ ಕೆಲಸ 2, ಎರಡನೆಯವರಿಂದ 4.5. ತಾರೀಖು ಮುಂದೆ ಹೋದರೆ ಎರಡೂ ಸಾಫ್ಟ್‌ವೇರ್ ಒಟ್ಟಿಗೆ ನಡೆಸಬೇಕು, ಹಳೆಯದಕ್ಕೆ ಶುಲ್ಕ ಕಟ್ಟಬೇಕು, ಎಂಟ್ರಿ ಎರಡೆರಡು ಸಲ ಆಗಬೇಕು. ತಡವಾದ ಪ್ರತಿ ತಿಂಗಳಿಗೆ ಇದೆಲ್ಲ ಎಷ್ಟು ಸಂಬಳಕ್ಕೆ ಸಮ ಅಂತ ನೋಡಿ. ಹೀಗೆ ಮುಂದೂಡಲು ಆಗದ ತಾರೀಖು ಇದ್ದರೆ ಮಾತ್ರ ವೇಗಕ್ಕೆ ಬೆಲೆ. ಸುಮ್ನೆ "ಬೇಗ ಆದ್ರೆ ಒಳ್ಳೇದು" ಅನ್ನುವ ಕಡೆ ವೇಗಕ್ಕೆ ಸೊನ್ನೆ ಹಾಕಿ.

ಮೊದಲನೆಯವರು ಎರಡು ವರ್ಷ ನಿಲ್ಲುತ್ತಾರೆ ಅಂತ ಹಿಡಿದಿದ್ದೇವಲ್ಲ, ಅದಕ್ಕೂ ಗ್ಯಾರಂಟಿ ಇಲ್ಲ. ನಾಲ್ಕು ವರ್ಷದ ಅನುಭವ ಆರಾದಾಗ ಅವರಿಗೂ ಹೊರಗಿನಿಂದ ಕರೆ ಬರುತ್ತದೆ.

ಯಾಕೆ ಬರುತ್ತಿದ್ದಾರೆ ಅಂತ ಕೇಳಿ

ಇದನ್ನು ನೇರವಾಗಿ ಕೇಳಿದರೆ ತಪ್ಪೇನೂ ಇಲ್ಲ. "ನಿಮ್ಮ ಹಿಂದಿನ ಹುದ್ದೆಗಿಂತ ಇದು ಚಿಕ್ಕದು. ಯಾಕೆ ನೋಡ್ತಿದ್ದೀರಿ?" ಆದರೆ ಇದಕ್ಕೆ ಎಲ್ಲರೂ ಉತ್ತರ ತಯಾರು ಮಾಡಿಕೊಂಡು ಬಂದಿರುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದು ಮುಂದಿನ ಪ್ರಶ್ನೆ. ನೀವು ಬರೆದ ಹಾಳೆಯನ್ನು ಅವರ ಮುಂದಿಟ್ಟು ಹೇಳಿ: "ಹತ್ತನೇ ತಿಂಗಳಲ್ಲಿ ಇಲ್ಲಿ ಇರೋದು ಇಷ್ಟೇ ಕೆಲಸ. ಆ ತಿಂಗಳ ಒಂದು ಮಾಮೂಲಿ ಮಂಗಳವಾರ ನೀವು ಏನು ಮಾಡ್ತಿರ್ತೀರಿ?"

ತಂಡ ನಿಭಾಯಿಸಿ ಸಾಕಾಗಿದೆ, ಮತ್ತೆ ಲೆಕ್ಕದ ಕೆಲಸವನ್ನೇ ಮಾಡಬೇಕು ಅನ್ನುವವರು ಆ ಮಂಗಳವಾರವನ್ನು ಬಿಡಿಸಿ ಹೇಳುತ್ತಾರೆ. ಯಾವ ವರದಿ, ಯಾರಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಮನೆಗೆ ಹೋಗಬಹುದು ಅಂತ ಅವರೇ ಕೇಳುತ್ತಾರೆ. ಇನ್ನೊಂದು ಬಗೆಯವರು ಹುದ್ದೆಯನ್ನೇ ಬದಲಿಸಿ ಮಾತಾಡುತ್ತಾರೆ: "ಅಷ್ಟು ಹೊತ್ತಿಗೆ ಬಜೆಟ್ ವಿಭಾಗವನ್ನೂ ನಾನು ನೋಡಿಕೊಳ್ತಿರಬಹುದು." ಇವರು ಅರ್ಜಿ ಹಾಕಿರುವುದು ನಿಮ್ಮಲ್ಲಿ ಇಲ್ಲದ ಹುದ್ದೆಗೆ. ಸುಳ್ಳು ಹೇಳುತ್ತಿಲ್ಲ, ಆದರೆ ನಿಲ್ಲುವುದೂ ಇಲ್ಲ.

ಕೆಲಸ ಹೋಗಿದೆ, ಸದ್ಯಕ್ಕೆ ಒಂದು ನೆಲೆ ಬೇಕು ಅನ್ನುವವರನ್ನು ಕೂಡಲೇ ತಳ್ಳಿಹಾಕಬೇಡಿ. ಎಂಟು ತಿಂಗಳ ಕೆಲಸ ಇರುವ ಸೀಟಿಗೆ ಅವರೇ ಸರಿಯಾದವರು ಇರಬಹುದು. ವಯಸ್ಸು, ಮನೆ, ಮಕ್ಕಳು, ಆರೋಗ್ಯದ ಪ್ರಶ್ನೆಗೆ ಮಾತ್ರ ಹೋಗಬೇಡಿ. ಹಳೆಯ ಮೇಲಧಿಕಾರಿಯ ಜೊತೆ ಮಾತಾಡುವ ಅವಕಾಶ ಸಿಕ್ಕರೆ ಒಂದೇ ಪ್ರಶ್ನೆ ಸಾಕು: ತನಗಿಂತ ಕಡಿಮೆ ಗೊತ್ತಿರುವವರು ತೀರ್ಮಾನ ತೆಗೆದುಕೊಂಡಾಗ ಇವರು ಏನು ಮಾಡುತ್ತಿದ್ದರು?

ಆ ಪ್ರಶ್ನೆ ಇನ್ನೊಂದು ಮಾತಿಗೆ ಬರುತ್ತದೆ. ನಿಲ್ಲೋದಿಲ್ಲ ಅಂತ ಗಟ್ಟಿಯಾಗಿ ಹೇಳುವ ಮ್ಯಾನೇಜರ್‌ನ ಮನಸ್ಸಿನಲ್ಲಿ ಕೆಲವು ಸಲ ಇರುವುದು ಬೇರೆ ಭಯ, "ನನಗಿಂತ ಜಾಸ್ತಿ ಗೊತ್ತಿರೋರು ನನ್ನ ಕೆಳಗೆ". ಅದು ನಿಜವಾದ ಅಡ್ಡಿಯೇ. ಮ್ಯಾನೇಜರ್ ತಯಾರಿಲ್ಲದಿದ್ದರೆ ಅವರ ಕೌಶಲ ಬಳಕೆಗೆ ಬರುವುದಿಲ್ಲ, 1.3 ಅನ್ನುವುದು 1ಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕದ ಕೆಟ್ಟ ಸಾಲು ಅದೇ ಅಲ್ವಾ?

ಬಳಸುವುದೇ ಉಳಿಸಿಕೊಳ್ಳುವುದು

2009ರಲ್ಲಿ ಬೆರಿನ್ ಎರ್ಡೋಗನ್ ಮತ್ತು ತಾಲ್ಯಾ ಬಾಯರ್ ಎಂಬ ಸಂಶೋಧಕರು ಟರ್ಕಿಯ ಚಿಲ್ಲರೆ ಅಂಗಡಿಗಳ ಮಾರಾಟ ಸಿಬ್ಬಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಈ ಕೆಲಸಕ್ಕೆ ನಮ್ಮ ಅರ್ಹತೆ ಜಾಸ್ತಿ ಅಂತ ಅಂದುಕೊಂಡವರ ಮಾರಾಟ ಚೆನ್ನಾಗಿತ್ತು. ಬಿಟ್ಟು ಹೋಗುವ ವಿಷಯದಲ್ಲಿ ವ್ಯತ್ಯಾಸ ಮಾಡಿದ್ದು, ಅವರಿಗೆ ತಮ್ಮ ಕೆಲಸದ ಮೇಲೆ ಎಷ್ಟು ಹಿಡಿತ, ಎಷ್ಟು ಸ್ವಾತಂತ್ರ್ಯ ಇದೆ ಅನ್ನುವುದು. ಸ್ವಾತಂತ್ರ್ಯ ಇದ್ದ ಕಡೆ ಅರ್ಹತೆ ಜಾಸ್ತಿ ಆಗಿದ್ದರ ಕೆಟ್ಟ ಪರಿಣಾಮ ಕಡಿಮೆ ಆಗಿತ್ತು.

ಅಂಗಡಿಯ ಮಾರಾಟ ಬೇರೆ, ಅಕೌಂಟ್ಸ್ ಬೇರೆ. ಆದರೂ ಮಾಡಬೇಕಾದ್ದು ಇದರಿಂದ ಹೊಳೆಯುತ್ತದೆ. ಬರುವ ಮೊದಲೇ ಒಂದು ಪೂರ್ತಿ ಜವಾಬ್ದಾರಿ ಕೊಡಿ. "ತಿಂಗಳ ಲೆಕ್ಕ ಹನ್ನೆರಡರ ಬದಲು ಆರನೇ ತಾರೀಖಿಗೆ ಮುಗಿಯಬೇಕು, ಹೇಗೆ ಅನ್ನುವುದು ನಿಮ್ಮ ತೀರ್ಮಾನ" ಅಂತ ಹೇಳುವುದು ಒಂದು ರೀತಿ. "ಇದ್ದ ಹಾಗೆ ನಡೆಸಿಕೊಂಡು ಹೋಗಿ, ಸಲಹೆ ಇದ್ರೆ ಹೇಳಿ" ಅನ್ನುವುದು ಇನ್ನೊಂದು. ಎರಡನೆಯದನ್ನು ಕೇಳಿದ ದಿನವೇ ಅವರು ಬೇರೆ ಕಡೆ ಅರ್ಜಿ ಹಾಕಲು ಶುರು ಮಾಡುತ್ತಾರೆ.

ಆಫರ್ ಹೇಗೆ ಬರೆಯಬೇಕು

ನಮ್ಮ ಉದಾಹರಣೆಯಲ್ಲಿ ನಾನು ಕೊಡುವ ಆಫರ್ ಹೀಗಿರುತ್ತದೆ: ಎಂಟು ತಿಂಗಳ ಒಪ್ಪಂದ, ಕೇಳಿದ ಶೇಕಡಾ 15 ಜಾಸ್ತಿ ಸಂಬಳ, ಸಾಫ್ಟ್‌ವೇರ್ ಬದಲಾವಣೆ ಮತ್ತು ಲೆಕ್ಕ ಮುಗಿಸುವ ಕ್ರಮ ಎರಡೂ ಅವರ ಕೈಯಲ್ಲಿ. ಆರನೇ ತಿಂಗಳಲ್ಲಿ ಕೂತು ಮಾತಾಡುವುದು: ಅವರ ಮಟ್ಟದ ಹೊಸ ಕೆಲಸ ನಿಜವಾಗಿ ಬಂದಿದ್ದರೆ ಮುಂದುವರಿಸುವುದು, ಇಲ್ಲದಿದ್ದರೆ ಹೇಳಿದ ತಾರೀಖಿಗೆ ಮುಗಿಸುವುದು. ಅವಧಿ ಒಪ್ಪಂದ ಬೇಡ, ಕಾಯಂ ಕೆಲಸವೇ ಬೇಕು ಅಂದರೆ ಹುದ್ದೆಯ ಸಂಬಳಕ್ಕೆ ಒಪ್ಪುತ್ತಾರಾ ಕೇಳಿ. ಶೇಕಡಾ 15 ಇಲ್ಲದೆ ಬಂದರೆ, ಮಾಮೂಲಿ ಕೆಲಸವನ್ನೇ ಮಾಡುತ್ತಾ ಎರಡು ವರ್ಷ ನಿಂತರೂ ನಿಮಗೆ 1.6 ಲಾಭ.

ಎರಡು ತಪ್ಪು ದಾರಿ ಇವೆ. ಒಂದು, ಬಾಂಡ್ ಬರೆಸಿಕೊಳ್ಳುವುದು. ಎಷ್ಟು ನಡೆಯುತ್ತದೆ ಅನ್ನುವುದು ಆಯಾ ಕಡೆಯ ಕಾನೂನಿಗೆ ಬಿಟ್ಟದ್ದು, ಆದರೆ ಮನಸ್ಸು ಬಿಟ್ಟವರನ್ನು ಕಾಗದದಿಂದ ಕೂರಿಸಿದರೆ 1.3 ಮಾಡುವವರು 0.7 ಮಾಡುತ್ತಾರೆ. ಇನ್ನೊಂದು, "ಒಂದು ವರ್ಷದಲ್ಲಿ ಮ್ಯಾನೇಜರ್ ಮಾಡ್ತೀವಿ" ಅಂತ ಬಾಯಿಮಾತಿನಲ್ಲಿ ಹೇಳುವುದು. ಸೀಟೇ ಇಲ್ಲದೆ ಹೀಗೆ ಹೇಳಿದರೆ ಹನ್ನೊಂದನೇ ತಿಂಗಳಿಗೆ ರಾಜೀನಾಮೆ ಬರುತ್ತದೆ, ಮತ್ತು ಅವರ ಬಗ್ಗೆ ಇದ್ದ ಅನುಮಾನ ಸರಿಯಾಯಿತು ಅಂತ ಎಲ್ಲರೂ ತಲೆ ಆಡಿಸುತ್ತಾರೆ.

ಕೈ ಬದಲಾಯಿಸುವ ಕೆಲಸ ಮೊದಲ ತಿಂಗಳಿಂದಲೇ ಶುರುವಾಗಬೇಕು. ಎರಡನೇ ತಿಂಗಳ ಲೆಕ್ಕವನ್ನು ಅವರು ಮುಗಿಸಲಿ, ಜೂನಿಯರ್ ಪಕ್ಕದಲ್ಲಿ ಕೂತು ಕ್ರಮ ಬರೆದುಕೊಳ್ಳಲಿ. ನಾಲ್ಕನೇ ತಿಂಗಳು ಜೂನಿಯರ್ ಮಾಡಲಿ, ಅವರು ನೋಡಲಿ. ಆರನೇ ತಿಂಗಳು ಜೂನಿಯರ್ ಒಬ್ಬರೇ. ಆ ತಿಂಗಳ ಲೆಕ್ಕ ಆರನೇ ತಾರೀಖಿನ ಬದಲು ಎಂಟಕ್ಕೆ ಮುಗಿದರೆ ಗಾಬರಿ ಬೇಡ. ಹನ್ನೆರಡಕ್ಕೆ ವಾಪಸ್ ಹೋದರೆ ಕಲಿಕೆ ನಡೆದಿಲ್ಲ, ಎಲ್ಲವೂ ಇನ್ನೂ ಒಬ್ಬರ ತಲೆಯಲ್ಲೇ ಇದೆ ಅಂತ ಅರ್ಥ.

ಮನಸ್ಸು ಬಿಡುತ್ತಿರುವುದು ರಾಜೀನಾಮೆಗಿಂತ ಮೊದಲೇ ಕಾಣುತ್ತದೆ. "ಇದು ಯಾಕೆ ಹೀಗೆ?" ಅಂತ ಕೇಳುತ್ತಿದ್ದವರು ಕೇಳುವುದನ್ನು ನಿಲ್ಲಿಸುತ್ತಾರೆ. ಕೆಲಸದಲ್ಲಿ ತಪ್ಪು ಇರುವುದಿಲ್ಲ, ಸಮಯಕ್ಕೆ ಬರುತ್ತದೆ, ಆದರೆ ಕೊಟ್ಟಷ್ಟೇ ಬರುತ್ತದೆ. ಅದು ಕಂಡ ವಾರವೇ ಮಾತಾಡಿ, ಮೂರು ತಿಂಗಳ ಪರಿಶೀಲನೆಗೆ ಕಾಯಬೇಡಿ.

ಬೇಡ ಅನ್ನುವುದಾದರೆ

ಲೆಕ್ಕ ಒಪ್ಪದಿದ್ದರೆ ಬೇಡ ಅನ್ನಿ. ಆದರೆ "ನಿಮ್ಮ ಅರ್ಹತೆ ಜಾಸ್ತಿ ಆಯ್ತು" ಅಂತ ಬರೆದು ಕಳಿಸಬೇಡಿ. ಅಮೆರಿಕದಲ್ಲಿ 40 ತುಂಬಿದವರಿಗೆ ವಯಸ್ಸಿನ ತಾರತಮ್ಯದ ವಿರುದ್ಧ ಕಾನೂನಿನ ರಕ್ಷಣೆ ಇದೆ. 1991ರಲ್ಲಿ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ, ವಯಸ್ಸಾದ ಅರ್ಜಿದಾರರಿಗೆ ಅರ್ಹತೆ ಜಾಸ್ತಿ ಅಂತ ಹೇಳುವುದು ವಯಸ್ಸಿನ ಕಾರಣವನ್ನು ಮುಚ್ಚುವ ನೆಪ ಆಗಿರಬಹುದು ಅಂತ ಹೇಳಿತು. ಅದೇ ನ್ಯಾಯಾಲಯ 2000ದಲ್ಲಿ ಇನ್ನೊಂದು ಪ್ರಕರಣದಲ್ಲಿ, ಬುದ್ಧಿಮತ್ತೆ ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂತು, ಬೇಜಾರಾಗಿ ಬಿಟ್ಟು ಹೋಗಬಹುದು ಅಂತ ನ್ಯೂ ಲಂಡನ್ ನಗರದ ಪೊಲೀಸ್ ಇಲಾಖೆ ಒಬ್ಬರನ್ನು ಕೈಬಿಟ್ಟಿದ್ದನ್ನು ಒಪ್ಪಿಕೊಂಡಿತು. ಜಾಸ್ತಿ ಅಂಕದವರು ನಿಜವಾಗಿ ಬೇಗ ಬಿಡುತ್ತಾರೆ ಅಂತ ಸಾಬೀತಾಗಬೇಕಾಗಿಯೂ ಇರಲಿಲ್ಲ. ಒಂದೇ ಮಾತು, ಒಂದು ಕಡೆ ನಡೆಯಿತು, ಒಂದು ಕಡೆ ಸಿಕ್ಕಿಹಾಕಿಕೊಂಡಿತು.

ನಿಮ್ಮ ಕಡೆ ಕಾನೂನು ಏನೇ ಇರಲಿ, ನಿಜವಾದ ಕಾರಣವನ್ನೇ ಹೇಳಿ. ಅದು ಹಾಳೆಯಲ್ಲಿ ಬರೆದೇ ಇದೆ: "ಈ ಹುದ್ದೆಯಲ್ಲಿ ಮುಂದಿನ ಒಂದು ವರ್ಷ ಇರುವುದು ಎಂಟ್ರಿ, ತಾಳೆ, ವರದಿ ಕೆಲಸ ಮಾತ್ರ. ಅದಕ್ಕೆ ನಾವು ಕೊಡಬಹುದಾದ ಸಂಬಳ ಇಷ್ಟು." ಇದನ್ನು ಓದಿಯೂ ಅವರು ಬರುತ್ತೇನೆ ಅಂದರೆ, ಲೆಕ್ಕವನ್ನು ಆ ಸಂಬಳಕ್ಕೆ ಇನ್ನೊಮ್ಮೆ ಹಾಕಿ ನೋಡಿ.